ಹೈರಾರ್ಕಿಕಲ್ ರಿಗ್ರೆಷನ್ ಫಲಿತಾಂಶ: ಯಾವ ಟೇಬಲ್ ಹಾಕಬೇಕು, ಯಾವ F ಬರೆಯಬೇಕು

ಪ್ರೆಡಿಕ್ಟರ್‌ಗಳನ್ನು ಬ್ಲಾಕ್ ಬ್ಲಾಕ್ ಆಗಿ ಸೇರಿಸುತ್ತಾ ಹೋಗುವ ಹೈರಾರ್ಕಿಕಲ್ ರಿಗ್ರೆಷನ್ ಮಾಡುವುದು ಕಷ್ಟದ ಕೆಲಸವೇನಲ್ಲ. SPSSನಲ್ಲಿ ಒಂದು ಬ್ಲಾಕ್ ತುಂಬಿ, `Next` ಒತ್ತಿ, ಇನ್ನೊಂದು ತುಂಬಿ, `Statistics` ಒಳಗೆ `R squared change` ಟಿಕ್ ಮಾಡಿದರೆ ಆಯ್ತು. ತಲೆನೋವು ಶುರುವಾಗುವುದು ಔಟ್‌ಪುಟ್ ಬಂದ ಮೇಲೆ. ಹಲವು ಟೇಬಲ್ ಬಂದಿರುತ್ತವೆ, ಮುಖ್ಯವಾದವುಗಳಲ್ಲಿ ಬ್ಲಾಕ್‌ಗೊಂದು ಮಾಡೆಲ್ ಇರುತ್ತದೆ, ಎಲ್ಲವನ್ನೂ ಥೀಸಿಸ್‌ಗೆ ಹಾಗೇ ಅಂಟಿಸುವವರಿದ್ದಾರೆ, ಒಂದನ್ನೂ ಹಾಕದೆ ಎರಡು ಸಾಲಲ್ಲಿ ಮುಗಿಸುವವರೂ ಇದ್ದಾರೆ. ನಮ್ಮ ದಾವಣಗೆರೆ ಕಡೆ ಪಿಎಚ್‌ಡಿ ಮಾಡುವ ಗೆಳೆಯರು ನನ್ನ ಹತ್ರ ಜಾಸ್ತಿ ಕೇಳುವುದು ಇದನ್ನೇ: ಬರೆಯುವುದು ಹೇಗೆ, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು.

ಬರೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಪ್ರತಿ ಹಂತದ R² ಮತ್ತು ಆ ಹಂತದಲ್ಲಿ ಅದು ಎಷ್ಟು ಏರಿತು ಅನ್ನುವ ΔR² ಕೊಟ್ಟು, ಗುಣಾಂಕಗಳನ್ನು ಕೊನೆಯ ಹಂತದ್ದು ಮಾತ್ರ ಕೊಡುವುದು. ಇನ್ನೊಂದು, ಪ್ರತಿ ಹಂತದ ಗುಣಾಂಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ದೊಡ್ಡ ಟೇಬಲ್ ಮಾಡುವುದು. ಎರಡೂ ಸರಿ. ಯಾವುದು ನಿಮಗೆ ಅನ್ನುವುದನ್ನು ನಿಮ್ಮ ಪ್ರಶ್ನೆ ತೀರ್ಮಾನಿಸುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡೇ ಮಾತಾಡೋಣ. ಜಗಳೂರು ಕಡೆ ಮಳೆ ನಂಬಿ ಮೆಕ್ಕೆಜೋಳ ಬೆಳೆಯುವ 120 ರೈತರು ಅಂದುಕೊಳ್ಳಿ. ಭದ್ರಾ ಕಾಲುವೆ ನೀರಿರುವ ಜಮೀನು ಬೇಡ, ಅದನ್ನು ಇದರ ಜೊತೆ ಬೆರೆಸಿದರೆ ಎಲ್ಲ ಕೆಡುತ್ತದೆ. ನಾವು ವಿವರಿಸಬೇಕಾದದ್ದು ಎಕರೆಗೆ ಎಷ್ಟು ಕ್ವಿಂಟಾಲ್ ಇಳುವರಿ ಬಂತು ಅನ್ನುವುದು. ಮೊದಲ ಬ್ಲಾಕಿನಲ್ಲಿ ರೈತರ ವಯಸ್ಸು, ಓದಿದ ವರ್ಷ, ಜಮೀನು ಎಷ್ಟು ಎಕರೆ. ಎರಡನೇದರಲ್ಲಿ ಹದ ಮಳೆ ಬಿದ್ದ ಮೇಲೆ ಬಿತ್ತನೆ ಎಷ್ಟು ದಿನ ತಡವಾಯ್ತು ಮತ್ತು ಗೊಬ್ಬರಕ್ಕೆ ಎಕರೆಗೆ ಎಷ್ಟು ಖರ್ಚಾಯ್ತು. ಮೂರನೇದರಲ್ಲಿ ಒಂದೇ ಸಂಗತಿ, ಆ ವರ್ಷ ರೈತ ಸಂಪರ್ಕ ಕೇಂದ್ರದ ತರಬೇತಿಗೆ ಎಷ್ಟು ಸಲ ಹೋದರು ಅನ್ನುವುದು. ಅಂಕಿಗಳೆಲ್ಲ ಲೆಕ್ಕ ತೋರಿಸಲಿಕ್ಕೆ ನಾನೇ ಕಟ್ಟಿದವು, ಯಾವ ಸರ್ವೆಯದ್ದೂ ಅಲ್ಲ. ದಯವಿಟ್ಟು ಇದನ್ನು ಎಲ್ಲೂ ಉಲ್ಲೇಖಿಸಬೇಡಿ.

| ಹಂತ | ಸೇರಿಸಿದ್ದು | R² | ΔR² | ΔF (df) | p |
|---|---|---|---|---|---|
| 1 | ವಯಸ್ಸು, ಓದು, ಜಮೀನು | .09 | .09 | 3.82 (3, 116) | .012 |
| 2 | ಬಿತ್ತನೆ ತಡ, ಗೊಬ್ಬರ ಖರ್ಚು | .27 | .18 | 14.05 (2, 114) | < .001 |
| 3 | ತರಬೇತಿ | .30 | .03 | 4.84 (1, 113) | .030 |

ಈ ಟೇಬಲ್ ಎರಡೂ ದಾರಿಗೆ ಬೇಕೇ ಬೇಕು. ಇದು ಇಲ್ಲದಿದ್ದರೆ ಅದು ಹೈರಾರ್ಕಿಕಲ್ ರಿಗ್ರೆಷನ್‌ನ ವರದಿಯೇ ಅಲ್ಲ, ಸುಮ್ನೆ ಆರು ಪ್ರೆಡಿಕ್ಟರ್ ಇರುವ ಒಂದು ಮಾಮೂಲಿ ರಿಗ್ರೆಷನ್ ಅಷ್ಟೆ.

ಚಿಕ್ಕ ಟೇಬಲ್ ಸಾಕಾಗುವುದು ಯಾವಾಗ

ನಿಮ್ಮ ಹೈಪೋಥಿಸಿಸ್ ಹೀಗಿದೆ ಅಂದುಕೊಳ್ಳಿ: "ವಯಸ್ಸು, ಓದು, ಜಮೀನು, ಬಿತ್ತನೆ ಸಮಯ, ಗೊಬ್ಬರ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ತರಬೇತಿಗೆ ತನ್ನದೇ ಪಾಲಿದೆ." ಇಲ್ಲಿ ಓದುಗರಿಗೆ ಬೇಕಾದದ್ದು ಮೂರನೇ ಹಂತದ ΔR² ಮತ್ತು ಕೊನೆಯ ಮಾಡೆಲ್‌ನಲ್ಲಿ ತರಬೇತಿಯ ಗುಣಾಂಕ. ಮೊದಲ ಹಂತದಲ್ಲಿ ವಯಸ್ಸಿನ ಗುಣಾಂಕ ಎಷ್ಟಿತ್ತು ಅನ್ನುವುದು ಅವರಿಗೆ ಯಾಕೆ ಬೇಕು? ಅಂಥ ಕಡೆ ಮೇಲಿನ ಟೇಬಲ್ ಹಾಕಿ, ಕೊನೆಯ ಮಾಡೆಲ್‌ನ ಆರು ಗುಣಾಂಕಗಳನ್ನು ಇನ್ನೊಂದು ಚಿಕ್ಕ ಟೇಬಲ್‌ನಲ್ಲಿ ಹಾಕಿ. ಬರಹ ಹೀಗಿರಲಿ:

"ಮೊದಲ ಹಂತದಲ್ಲಿ ವಯಸ್ಸು, ಓದು ಮತ್ತು ಜಮೀನಿನ ವಿಸ್ತೀರ್ಣ ಸೇರಿ ಇಳುವರಿಯ ವ್ಯತ್ಯಾಸದ ಶೇ 9ರಷ್ಟನ್ನು ವಿವರಿಸಿದವು, R² = .09, F(3, 116) = 3.82, p = .012. ಬಿತ್ತನೆಯ ತಡ ಮತ್ತು ಗೊಬ್ಬರದ ಖರ್ಚನ್ನು ಸೇರಿಸಿದಾಗ ಇನ್ನೂ ಶೇ 18ರಷ್ಟು ವ್ಯತ್ಯಾಸಕ್ಕೆ ವಿವರಣೆ ಸಿಕ್ಕಿತು, ΔR² = .18, ΔF(2, 114) = 14.05, p < .001. ಇವನ್ನೆಲ್ಲ ಗಣನೆಗೆ ತೆಗೆದುಕೊಂಡ ಮೇಲೂ ತರಬೇತಿ ಶೇ 3ರಷ್ಟನ್ನು ಹೆಚ್ಚುವರಿಯಾಗಿ ವಿವರಿಸಿತು, ΔR² = .03, ΔF(1, 113) = 4.84, p = .030. ಕೊನೆಯ ಮಾಡೆಲ್‌ನಲ್ಲಿ, ಉಳಿದವು ಸಮನಾಗಿದ್ದಾಗ, ಒಂದು ಸಲ ಹೆಚ್ಚು ತರಬೇತಿಗೆ ಹೋದ ರೈತರ ಇಳುವರಿ ಎಕರೆಗೆ ಸರಾಸರಿ 0.55 ಕ್ವಿಂಟಾಲ್ ಹೆಚ್ಚಿತ್ತು, B = 0.55, SE = 0.25, 95% CI [0.05, 1.05]."

ನೋಡಿ, ಇದರಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಶೇ 3 ಅನ್ನುವುದು ಇಳುವರಿ ಹೆಚ್ಚಾದ ಪ್ರಮಾಣ ಅಲ್ಲ. ರೈತರಿಂದ ರೈತರಿಗೆ ಇಳುವರಿಯಲ್ಲಿ ಕಾಣುವ ಏರುಪೇರಿನಲ್ಲಿ ಎಷ್ಟು ಪಾಲನ್ನು ವಿವರಿಸಬಹುದು ಅನ್ನುವ ಲೆಕ್ಕ ಅದು. "ತರಬೇತಿಯಿಂದ ಇಳುವರಿ ಶೇ 3ರಷ್ಟು ಹೆಚ್ಚಿತು" ಅಂತ ಬರೆದ ಥೀಸಿಸ್‌ಗಳನ್ನು ನಾನು ಓದಿದ್ದೇನೆ, ಅದು ಪೂರ್ತಿ ತಪ್ಪು. ಇಳುವರಿ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಹೇಳುವುದು B, ಅದೂ ಕ್ವಿಂಟಾಲ್ ಲೆಕ್ಕದಲ್ಲಿ. ಆಮೇಲೆ CI ನೋಡಿ, 0.05ರಿಂದ 1.05ರವರೆಗೆ ಇದೆ. ಅಂದರೆ ಒಂದು ಸಲದ ತರಬೇತಿಗೆ ಐದು ಕೆಜಿ ವ್ಯತ್ಯಾಸವೂ ಇರಬಹುದು, ಒಂದು ಕ್ವಿಂಟಾಲ್‌ಗಿಂತ ತುಸು ಜಾಸ್ತಿಯೂ ಇರಬಹುದು. p = .030 ಅಂತ ಬರೆದು ಸುಮ್ಮನಾದರೆ ಈ ಅಂದಾಜು ಎಷ್ಟು ಸಡಿಲ ಅನ್ನುವುದು ಕಾಣುವುದೇ ಇಲ್ಲ.

"ಹೆಚ್ಚು ತರಬೇತಿಗೆ ಹೋದ ರೈತರ ಇಳುವರಿ ಹೆಚ್ಚಿತ್ತು" ಅಂತ ಬರೆದದ್ದನ್ನೂ ಗಮನಿಸಿ. "ತರಬೇತಿ ಇಳುವರಿ ಹೆಚ್ಚಿಸಿತು" ಅಂತ ಬರೆದಿಲ್ಲ. ಯಾರನ್ನು ತರಬೇತಿಗೆ ಕಳಿಸಬೇಕು ಅಂತ ನಾವು ಚೀಟಿ ಎತ್ತಿ ಆರಿಸಿಲ್ಲ, ಅವರಾಗಿಯೇ ಹೋದವರು ಅವರು.

ದೊಡ್ಡ ಟೇಬಲ್ ಬೇಕಾಗುವುದು ಯಾವಾಗ

ಈಗ ಪ್ರಶ್ನೆ ಬದಲಾಯಿಸಿ. "ಓದಿದ ರೈತರಿಗೆ ಇಳುವರಿ ಜಾಸ್ತಿ ಬರುವುದು ಅವರು ಸಮಯಕ್ಕೆ ಸರಿಯಾಗಿ ಬಿತ್ತುತ್ತಾರೆ, ಗೊಬ್ಬರ ಸರಿಯಾಗಿ ಹಾಕುತ್ತಾರೆ ಅನ್ನುವ ಕಾರಣಕ್ಕಾ?" ಅಂತ ಕೇಳುತ್ತಿದ್ದೀರಿ ಅನ್ನಿ. ಇಲ್ಲಿ ನೋಡಬೇಕಾದದ್ದು ಓದಿನ ಗುಣಾಂಕ ಹಂತದಿಂದ ಹಂತಕ್ಕೆ ಹೇಗೆ ಬದಲಾಯ್ತು ಅನ್ನುವುದನ್ನು. ನಮ್ಮ ಕಟ್ಟುಕಥೆಯ ಡೇಟಾದಲ್ಲಿ ಮೊದಲ ಹಂತದಲ್ಲಿ ಓದಿನ B 0.40, ಅದರ SE 0.14. ಬಿತ್ತನೆ, ಗೊಬ್ಬರ ಸೇರಿದ ಎರಡನೇ ಹಂತದಲ್ಲಿ ಅದು 0.15ಕ್ಕೆ ಇಳಿಯುತ್ತದೆ, SE 0.13. ಮೂರನೇದರಲ್ಲಿ 0.12. ಈ ಇಳಿತವೇ ನಿಮ್ಮ ಕಥೆ. ಕೊನೆಯ ಮಾಡೆಲ್ ಮಾತ್ರ ಹಾಕಿದರೆ "ಓದಿಗೂ ಇಳುವರಿಗೂ ಸಂಬಂಧ ಸಿಗಲಿಲ್ಲ" ಅನ್ನುವ ಹಾಗೆ ಕಾಣುತ್ತದೆ, ಇದ್ದ ಕಥೆ ಕಳೆದುಹೋಗುತ್ತದೆ. ಹಾಗಾಗಿ ಮೂರೂ ಹಂತದ B ಮತ್ತು SE ಪಕ್ಕಪಕ್ಕ ಇಡಿ. ಇನ್ನೂ ಸೇರದ ಪ್ರೆಡಿಕ್ಟರ್‌ನ ಜಾಗ ಖಾಲಿ ಇರಲಿ, ಅಲ್ಲಿ ಸೊನ್ನೆ ಹಾಕಬೇಡಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರ: ಗುಣಾಂಕ ಇಳಿದದ್ದು ಸೂಚನೆ ಮಾತ್ರ. ಓದು ಬಿತ್ತನೆಯ ಮೂಲಕವೇ ಕೆಲಸ ಮಾಡುತ್ತದೆ ಅಂತ ಸಾಧಿಸಬೇಕಿದ್ದರೆ ಆ ಪರೋಕ್ಷ ಪರಿಣಾಮವನ್ನೇ ಬೇರೆಯಾಗಿ ಅಳೆದು, ಬೂಟ್‌ಸ್ಟ್ರ್ಯಾಪ್ ಮಾಡಿ ಅದರ CI ಕೊಡಬೇಕು. ಹೈರಾರ್ಕಿಕಲ್ ಟೇಬಲ್ ಆ ಕೆಲಸ ಮಾಡುವುದಿಲ್ಲ.

ಈ ಎರಡರ ನಡುವೆ ಮೂರನೇ ಒಂದು ಪದ್ಧತಿ ಓಡಾಡುತ್ತಿದೆ, ಅದು ನನಗೆ ಹಿಡಿಸುವುದಿಲ್ಲ. ಪ್ರತಿ ಪ್ರೆಡಿಕ್ಟರ್ ಯಾವ ಹಂತದಲ್ಲಿ ಒಳಗೆ ಬಂತೋ ಆ ಹಂತದ ಗುಣಾಂಕವನ್ನು ಎತ್ತಿ ಎಲ್ಲವನ್ನೂ ಒಂದೇ ಕಾಲಂನಲ್ಲಿ ಜೋಡಿಸುವುದು ಅದು. ಓದಿನದ್ದು ಮೊದಲ ಮಾಡೆಲ್‌ನ 0.40, ತರಬೇತಿಯದ್ದು ಮೂರನೇ ಮಾಡೆಲ್‌ನ 0.55. ಓದುವವರು ಎರಡನ್ನೂ ಒಂದೇ ಸಮೀಕರಣದ ಅಂಕಿ ಅಂದುಕೊಳ್ಳುತ್ತಾರೆ, ಆದರೆ ಅಂಥ ಸಮೀಕರಣ ಎಲ್ಲೂ ಇಲ್ಲ. ಗೈಡ್ ಹೀಗೇ ಬೇಕು ಅಂತ ಪಟ್ಟು ಹಿಡಿದರೆ ಟೇಬಲ್ ಕೆಳಗೆ "ಗುಣಾಂಕಗಳು ಸೇರ್ಪಡೆಯಾದ ಹಂತದವು" ಅಂತ ಒಂದು ಸಾಲನ್ನಾದರೂ ಹಾಕಿ.

ಎರಡು F, ಬೇರೆ ಬೇರೆ ಕೆಲಸ

ವೈವಾದಲ್ಲಿ ಜನ ಸಿಕ್ಕಿಬೀಳುವುದು ಇಲ್ಲೇ. SPSS ಔಟ್‌ಪುಟ್‌ನಲ್ಲಿ `ANOVA` ಅನ್ನುವ ಟೇಬಲ್‌ನಲ್ಲಿ ಒಂದು F ಇರುತ್ತದೆ, `Model Summary` ಟೇಬಲ್‌ನ ಬಲಗಡೆ `F Change` ಅಂತ ಇನ್ನೊಂದಿರುತ್ತದೆ. ಮೊದಲನೇದು ಆ ಹಂತದವರೆಗೆ ಸೇರಿದ ಪ್ರೆಡಿಕ್ಟರ್‌ಗಳೆಲ್ಲ ಒಟ್ಟಾಗಿ ಏನಾದರೂ ವಿವರಿಸುತ್ತವಾ ಅಂತ ಪರೀಕ್ಷಿಸುತ್ತದೆ. ಎರಡನೇದು ಹೊಸದಾಗಿ ಬಂದ ಬ್ಲಾಕ್ ಮಾತ್ರ ಏನು ಸೇರಿಸಿತು ಅಂತ ಪರೀಕ್ಷಿಸುತ್ತದೆ. ΔR² ಪಕ್ಕ ಬರಬೇಕಾದದ್ದು ಎರಡನೇದು.

ನಮ್ಮ ಉದಾಹರಣೆಯಲ್ಲಿ ಮೊದಲ ಹಂತದಲ್ಲಿ ಎರಡೂ ಒಂದೇ, 3.82. ಅದಕ್ಕೇ ಗೊಂದಲ ಗೊತ್ತಾಗುವುದಿಲ್ಲ. ಮೂರನೇ ಹಂತದಲ್ಲಿ ಇಡೀ ಮಾಡೆಲ್‌ನ F(6, 113) = 8.07, p < .001, ಆದರೆ ΔF(1, 113) = 4.84, p = .030. ತರಬೇತಿಯ ಪಕ್ಕ 8.07 ಬರೆದರೆ ಇಲ್ಲದ ಬಲವನ್ನು ಅದಕ್ಕೆ ಕೊಟ್ಟಂತೆ. ತರಬೇತಿಯಿಂದ ಏನೇನೂ ಸೇರದಿದ್ದರೂ ಇಡೀ ಮಾಡೆಲ್‌ನ p .001ಕ್ಕಿಂತ ಕಡಿಮೆಯೇ ಇರುತ್ತಿತ್ತು, ಯಾಕೆಂದರೆ ಬಿತ್ತನೆ ಮತ್ತು ಗೊಬ್ಬರ ಆಗಲೇ ಕೆಲಸ ಮುಗಿಸಿವೆ.

ತಪ್ಪು F ಬಂದಿದೆಯಾ ಅಂತ ತಿಳಿಯಲು df ನೋಡಿ. ಮೊದಲ df ಆ ಹಂತದಲ್ಲಿ ಹೊಸದಾಗಿ ಸೇರಿಸಿದ ಪ್ರೆಡಿಕ್ಟರ್‌ಗಳ ಸಂಖ್ಯೆ ಆಗಿರಬೇಕು. ಒಂದೇ ಒಂದನ್ನು ಸೇರಿಸಿದ ಹಂತದಲ್ಲಿ ಅಲ್ಲಿ 6 ಕಂಡರೆ ತಪ್ಪು ಟೇಬಲ್‌ನಿಂದ ಎತ್ತಿದ್ದೀರಿ. ಕ್ಯಾಲ್ಕುಲೇಟರ್‌ನಲ್ಲಿ ನೋಡುವುದಾದರೆ ಸೂತ್ರ ಇದು:

```
ΔF = (ΔR² / m) / ((1 − R²) / (n − k − 1))
```

ಇಲ್ಲಿ n ಒಟ್ಟು ರೈತರ ಸಂಖ್ಯೆ, m ಈ ಹಂತದಲ್ಲಿ ಹೊಸದಾಗಿ ಬಂದ ಪ್ರೆಡಿಕ್ಟರ್, k ಈ ಹಂತದವರೆಗಿನ ಒಟ್ಟು ಪ್ರೆಡಿಕ್ಟರ್, R² ಈ ಹಂತದ್ದು. ಎರಡನೇ ಹಂತಕ್ಕೆ .18ನ್ನು 2ರಿಂದ ಭಾಗಿಸಿ .09, ಕೆಳಗೆ .73ನ್ನು 114ರಿಂದ ಭಾಗಿಸಿ .0064, ಒಂದರಿಂದ ಇನ್ನೊಂದನ್ನು ಭಾಗಿಸಿದರೆ 14ರ ಆಸುಪಾಸು. ಎರಡೇ ದಶಮಾಂಶದ R² ಹಾಕಿ ಲೆಕ್ಕ ಮಾಡಿದರೆ ನಿಮ್ಮ ಔಟ್‌ಪುಟ್‌ಗೂ ಇದಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಗಾಬರಿ ಬೇಡ. ಬ್ಲಾಕ್‌ನಲ್ಲಿ ಒಂದೇ ಪ್ರೆಡಿಕ್ಟರ್ ಇದ್ದರೆ ಇನ್ನೂ ಸುಲಭ: ಅದರ t ವರ್ಗ ಮಾಡಿದರೆ ΔF ಬರಬೇಕು. 0.55ನ್ನು 0.25ರಿಂದ ಭಾಗಿಸಿ 2.20, ಅದರ ವರ್ಗ 4.84. ಕೂಡಿ ಬಂತು, ಅಲ್ವಾ?

ಔಟ್‌ಪುಟ್‌ನಲ್ಲಿ `Sig. F Change` ಕೆಳಗೆ .000 ಅಂತ ಕಂಡರೆ p < .001 ಅಂತ ಬರೆಯಿರಿ. ಸೊನ್ನೆ ಸಂಭವನೀಯತೆ ಅಂತ ಇಲ್ಲಿ ಏನೂ ಇಲ್ಲ.

ಬ್ಲಾಕ್‌ಗಳ ಸರದಿ: ಇದೇ ಡೇಟಾ, ಬೇರೆ ಫಲಿತಾಂಶ

ಇದಕ್ಕೆ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ΔR² ಅನ್ನುವುದು ಪ್ರೆಡಿಕ್ಟರ್‌ನ ಸ್ವಂತ ಗುಣ ಅಲ್ಲ, ಅದು ಯಾರ ಹಿಂದೆ ನಿಂತಿದೆ ಅನ್ನುವುದರ ಮೇಲೂ ನಿಂತಿದೆ. ಅದೇ 120 ರೈತರ ಡೇಟಾದಲ್ಲಿ ತರಬೇತಿಯನ್ನು ಎರಡನೇ ಹಂತಕ್ಕೆ ತಂದು, ಬಿತ್ತನೆ ಮತ್ತು ಗೊಬ್ಬರವನ್ನು ಮೂರನೇದಕ್ಕೆ ಹಾಕಿದರೆ ಹೀಗಾಗಬಹುದು: ತರಬೇತಿಯ ΔR² = .09, ΔF(1, 115) = 12.62, ಬಿತ್ತನೆ-ಗೊಬ್ಬರದ ΔR² = .12, ΔF(2, 113) = 9.69. ಒಟ್ಟು R² ಅದೇ .30. ಕೊನೆಯ ಮಾಡೆಲ್‌ನ ಗುಣಾಂಕಗಳೂ ಅವೇ, ತರಬೇತಿಯ B ಇಲ್ಲೂ 0.55. ಆದರೆ ತರಬೇತಿಯ ಪಾಲು .03ರಿಂದ .09ಕ್ಕೆ ಏರಿದೆ. ಎರಡು ಬ್ಲಾಕ್‌ಗಳು ಹಂಚಿಕೊಂಡಿರುವ .06 ಯಾರು ಮೊದಲು ಬಂದರೋ ಅವರ ಲೆಕ್ಕಕ್ಕೆ ಹೋಯ್ತು, ಅಷ್ಟೇ.

ಹಾಗಾದರೆ ಯಾವ ಸರದಿ ಆರಿಸಬೇಕು? ತರಬೇತಿಯಲ್ಲಿ ಹೇಳಿಕೊಡುವುದೇ ಬೇಗ ಬಿತ್ತಿ, ಗೊಬ್ಬರ ಇಷ್ಟು ಹಾಕಿ ಅಂತ. ಅದನ್ನು ಕೇಳಿ ರೈತರು ಹಾಗೆ ಮಾಡಿದರೆ, ಬಿತ್ತನೆ-ಗೊಬ್ಬರ ತರಬೇತಿಯ ಫಲ. ಫಲವನ್ನು ಮೊದಲು ಒಳಗೆ ಬಿಟ್ಟು, ಆಮೇಲೆ ತರಬೇತಿಯನ್ನು ತಂದರೆ ಅದರ ಪಾಲನ್ನು ಬೇರೆಯವರಿಗೆ ಹಂಚಿ ಆಗಿರುತ್ತದೆ. ತರಬೇತಿಯ ಒಟ್ಟು ಪಾಲು ಬೇಕಿದ್ದರೆ ಅದು ಬಿತ್ತನೆ-ಗೊಬ್ಬರಕ್ಕಿಂತ ಮೊದಲು ಬರಬೇಕು. "ಬಿತ್ತನೆ, ಗೊಬ್ಬರ ಬಿಟ್ಟು ಬೇರೆ ದಾರಿಯಿಂದಲೂ ತರಬೇತಿಗೆ ಏನಾದರೂ ಸಂಬಂಧ ಇದೆಯಾ" ಅನ್ನುವುದು ಪ್ರಶ್ನೆಯಾದರೆ ತರಬೇತಿ ಅವುಗಳ ನಂತರ ಬರಬೇಕು. ನನ್ನ ಮಟ್ಟಿಗೆ, ಇಂಥ ವಿಷಯದಲ್ಲಿ ಮೊದಲನೇ ಪ್ರಶ್ನೆಯೇ ಜನರಿಗೆ ಹೆಚ್ಚು ಬೇಕಾದದ್ದು, ಆದರೆ ಥೀಸಿಸ್‌ಗಳಲ್ಲಿ ಮುಖ್ಯ ಪ್ರೆಡಿಕ್ಟರ್ ಕೊನೆಯಲ್ಲೇ ಬರಬೇಕು ಅನ್ನುವ ರೂಢಿ ಬಿದ್ದುಬಿಟ್ಟಿದೆ, ಯಾಕೆ ಅಂತ ಕೇಳಿದರೆ ಹಿಂದಿನ ಥೀಸಿಸ್‌ನಲ್ಲಿ ಹಾಗಿತ್ತು ಅನ್ನುತ್ತಾರೆ.

ವಯಸ್ಸು, ಓದು ಮುಂಚೆಯೇ ಇದ್ದವು, ಅವು ಮೊದಲ ಬ್ಲಾಕಿನಲ್ಲಿ ಬರುವುದಕ್ಕೆ ಯಾರ ತಕರಾರೂ ಇಲ್ಲ. ಉಳಿದದ್ದಕ್ಕೆ ಕಾರಣವನ್ನು ಒಂದೆರಡು ವಾಕ್ಯದಲ್ಲಿ ವಿಧಾನದ ಅಧ್ಯಾಯದಲ್ಲೇ ಬರೆದಿಡಿ, ಡೇಟಾ ಓಡಿಸುವ ಮೊದಲು. ಎರಡೂ ಸರದಿ ಓಡಿಸಿ ದೊಡ್ಡ ಅಂಕಿ ಬಂದದ್ದನ್ನು ಮಾತ್ರ ತೋರಿಸುವುದು ಮೋಸ. ಎರಡನ್ನೂ ಓಡಿಸಿದ್ದರೆ ಎರಡನ್ನೂ ಹೇಳಿ: "ಮೊದಲು ಸೇರಿಸಿದಾಗ .09, ಕೊನೆಗೆ ಸೇರಿಸಿದಾಗ .03."

SPSSನಲ್ಲಿ `Method` ಜಾಗದಲ್ಲಿ `Enter` ಇರಬೇಕು. `Stepwise` ಆರಿಸಿದರೆ ಆ ಬ್ಲಾಕ್‌ನಿಂದ ಯಾವ ಪ್ರೆಡಿಕ್ಟರ್ ಯಾವ ಸರದಿಯಲ್ಲಿ ಒಳಗೆ ಬರಬೇಕು ಅನ್ನುವುದನ್ನು ನಿಮ್ಮ ಬದಲು ಸಾಫ್ಟ್‌ವೇರ್ p ನೋಡಿ ಆರಿಸುತ್ತದೆ, ಆಗ ಮೇಲಿನ ವಾದಕ್ಕೆ ಬೆಲೆಯೇ ಇಲ್ಲ.

R ಬಳಸುವವರಿಗೆ

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಖಾಲಿ ಉತ್ತರಗಳು. SPSS ಡಿಫಾಲ್ಟ್ ಆಗಿ ಯಾವ ಬ್ಲಾಕ್‌ನಲ್ಲಿ ಖಾಲಿ ಇದ್ದರೂ ಆ ರೈತರನ್ನು ಮೂರೂ ಹಂತದಿಂದ ಬಿಡುತ್ತದೆ. R ಪ್ರತಿ `lm`ಗೂ ಬೇರೆ ಬೇರೆಯಾಗಿ ಬಿಡುತ್ತದೆ. ಗೊಬ್ಬರದ ಖರ್ಚು ಹತ್ತು ಜನ ಹೇಳಿಲ್ಲ ಅಂದರೆ ಮೊದಲ ಮಾಡೆಲ್ 120 ಜನರದ್ದು, ಎರಡನೇದು 110 ಜನರದ್ದು. ಬೇರೆ ಬೇರೆ ಜನರ R² ಕಳೆದರೆ ಅದು ΔR² ಆಗುವುದಿಲ್ಲ. `anova` ಇದನ್ನು ಒಪ್ಪದೆ ಎರರ್ ಕೊಡುತ್ತದೆ, ಆದರೆ ಕೈಯಲ್ಲಿ ಕಳೆಯುವವರಿಗೆ ಯಾರೂ ಹೇಳುವುದಿಲ್ಲ. ಅದಕ್ಕೇ ಮೊದಲ ಸಾಲಿನಲ್ಲೇ ಸೋಸಿಕೊಳ್ಳಿ:

```r
v  <- c("yield","age","school","acre","delay","fert","visit")
d  <- na.omit(d[, v])
m1 <- lm(yield ~ age + school + acre, data = d)
m2 <- update(m1, . ~ . + delay + fert)
m3 <- update(m2, . ~ . + visit)
anova(m1, m2)
anova(m2, m3)
summary(m2)$r.squared - summary(m1)$r.squared
```

ಹೀಗೆ ಸೋಸಿದಾಗ ಎಷ್ಟು ಜನ ಬಿಟ್ಟುಹೋದರು ಅನ್ನುವುದನ್ನು ಬರಹದಲ್ಲಿ ಹೇಳಬೇಕು. ಜಾಸ್ತಿ ಜನ ಹೋಗಿದ್ದರೆ ಸುಮ್ನೆ ಬಿಡುವುದು ಸರಿಯಾದ ದಾರಿಯಲ್ಲ, ಮಲ್ಟಿಪಲ್ ಇಂಪ್ಯುಟೇಶನ್ ಕಡೆ ನೋಡಿ.

ಎರಡನೇದು `anova`ಗೆ ಸಂಬಂಧಿಸಿದ್ದು. ಮೇಲೆ ನಾನು ಎರಡೆರಡು ಮಾಡೆಲ್ ಹಾಕಿ ಎರಡು ಸಲ ಓಡಿಸಿದ್ದೇನೆ. `anova(m1, m2, m3)` ಅಂತ ಮೂರನ್ನೂ ಒಟ್ಟಿಗೆ ಹಾಕಿದರೆ R ಎಲ್ಲ ಹಂತದ F ಲೆಕ್ಕಕ್ಕೂ ದೊಡ್ಡ ಮಾಡೆಲ್‌ನ ಉಳಿಕೆ ವ್ಯತ್ಯಾಸವನ್ನೇ ಕೆಳಗೆ ಹಾಕುತ್ತದೆ. ಆಗ ನಮ್ಮ ಎರಡನೇ ಹಂತದ F 14.05ರ ಬದಲು 14.53 ಆಗುತ್ತದೆ, ಅದರ ಕೆಳಗಿನ df 114 ಅಲ್ಲ, 113. ಎರಡೂ ತಪ್ಪಲ್ಲ, ಆದರೆ SPSS ಕೊಡುವುದು ಮೊದಲನೇದು. ನೀವು R, ನಿಮ್ಮ ಗೈಡ್ SPSS ಆದರೆ ಈ ವ್ಯತ್ಯಾಸಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ. ಎರಡೆರಡಾಗಿ ಹಾಕಿದರೆ ಕೊನೆಯ ದಶಮಾಂಶದವರೆಗೂ ಕೂಡಿ ಬರುತ್ತದೆ.